ಹೊಲದ ಪೋಷಕಾಂಶದ ಜಮಾ-ಖರ್ಚು: ಮೆಕ್ಕೆಜೋಳದ ಒಂದು ಎಕರೆ ಲೆಕ್ಕ

ಪ್ರಶ್ನೆ: ಪ್ರತಿ ವರ್ಷ ಮೆಕ್ಕೆಜೋಳಕ್ಕೆ ಎಕರೆಗೆ ಒಂದು ಚೀಲ ಡಿಎಪಿ, ಎರಡು ಚೀಲ ಯೂರಿಯಾ, ಒಂದು ಲೋಡ್ ಕೊಟ್ಟಿಗೆ ಗೊಬ್ಬರ ಹಾಕ್ತೀವಿ. 25 ಕ್ವಿಂಟಲ್ ಬರುತ್ತೆ. ಸಪ್ಪೆಯನ್ನ ಮೇವಿಗೆ ಮಾರ್ತೀವಿ. ಭೂಮಿ ಸವೀತಿದೆಯಾ, ಇಲ್ಲವಾ ಅಂತ ಲೆಕ್ಕ ಹಾಕೋದು ಹೇಗೆ?

ಸವೆಯುತ್ತಿದೆ, ಮುಖ್ಯವಾಗಿ ಪೊಟ್ಯಾಷ್. ಲೆಕ್ಕವನ್ನು ಒಂದು ಎಕರೆಗೆ, ಒಂದು ವರ್ಷಕ್ಕೆ, ಹೊಲದ ಬದುವನ್ನೇ ಗಡಿಯಾಗಿಟ್ಟುಕೊಂಡು ಮಾಡಿ. ಬದು ದಾಟಿ ಒಳಗೆ ಬಂದದ್ದು ಜಮಾ, ಹೊರಗೆ ಹೋದದ್ದು ಖರ್ಚು.

ಮೊದಲು ಜಮಾ. 50 ಕೆಜಿ ಡಿಎಪಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ ಇರುತ್ತದೆ. ಯೂರಿಯಾ ಚೀಲ ಈಗ 45 ಕೆಜಿಯದು, ಅದರಲ್ಲಿ 46% ಸಾರಜನಕ. ಎರಡು ಚೀಲಕ್ಕೆ ಸುಮಾರು 41 ಕೆಜಿ. ಒಂದು ಲೋಡ್ ಗೊಬ್ಬರವನ್ನು 2 ಟನ್ ಎಂದು ಹಿಡಿದರೆ 10 ಕೆಜಿ ಸಾರಜನಕ, 5 ಕೆಜಿಯಷ್ಟು ರಂಜಕ, 10 ಕೆಜಿ ಪೊಟ್ಯಾಷ್. ಒಟ್ಟು ಸಾರಜನಕ 60, ರಂಜಕ 28, ಪೊಟ್ಯಾಷ್ ಬರೀ 10. ಡಿಎಪಿಯಲ್ಲೂ ಯೂರಿಯಾದಲ್ಲೂ ಪೊಟ್ಯಾಷ್ ಒಂದು ಚಿಟಿಕೆಯೂ ಇಲ್ಲ.

ಇನ್ನು ಬೆಳೆ ಒಯ್ದದ್ದು. ಒಂದು ಟನ್ ಕಾಳಿನಲ್ಲಿ ಸುಮಾರು 15 ಕೆಜಿ ಸಾರಜನಕ, 6 ಕೆಜಿ ರಂಜಕ, 4.5 ಕೆಜಿ ಪೊಟ್ಯಾಷ್ ಹೋಗುತ್ತದೆ. ಒಂದು ಟನ್ ಒಣ ಸಪ್ಪೆಯಲ್ಲಿ 7, 2 ಮತ್ತು 16. ಆ ಕೊನೆಯ ಅಂಕಿಯನ್ನು ಗಮನಿಸಿ: ಸಾರಜನಕ ಹೆಚ್ಚಾಗಿ ಕಾಳಿಗೆ ಸೇರಿದರೆ, ಪೊಟ್ಯಾಷ್ ಸಪ್ಪೆಯಲ್ಲೇ ಉಳಿಯುತ್ತದೆ. ನಿಮ್ಮ 2.5 ಟನ್ ಕಾಳು, ಅಷ್ಟೇ ತೂಕದ ಒಣ ಸಪ್ಪೆ ಎಂದುಕೊಂಡರೆ ಒಟ್ಟು ಖರ್ಚು ಸಾರಜನಕ 55, ರಂಜಕ 20, ಪೊಟ್ಯಾಷ್ 51. ಅದರಲ್ಲಿ 40 ಕೆಜಿ ಪೊಟ್ಯಾಷ್ ಸಪ್ಪೆಯದೇ.

ಮೂರನೆಯದು ಸೋರಿಕೆ. ಇದನ್ನು ಹೊಲದಲ್ಲಿ ಅಳೆಯಲು ಆಗುವುದಿಲ್ಲ, ಅಂದಾಜೇ ಗತಿ. ಮೇಲುಗೊಬ್ಬರವಾಗಿ ಎರಚಿದ ಯೂರಿಯಾ ಮಣ್ಣಿಗೆ ಸೇರುವ ಮುಂಚೆ ಅಮೋನಿಯಾ ಆಗಿ ಹಾರುತ್ತದೆ, ಜೋರು ಮಳೆಗೆ ನೈಟ್ರೇಟ್ ಆಗಿ ಬೇರಿನ ಕೆಳಗೆ ಇಳಿಯುತ್ತದೆ. ರಸಗೊಬ್ಬರದ ಸಾರಜನಕದಲ್ಲಿ 30% ಹೋಯಿತು ಎಂದು ಹಿಡಿಯಿರಿ: 15 ಕೆಜಿ. ರಂಜಕ ಸೋರುವುದು ತೀರಾ ಕಡಿಮೆ, ಮಣ್ಣು ಕೊಚ್ಚಿಹೋದರೆ ಮಾತ್ರ ಅದರ ಜೊತೆ ಹೋಗುತ್ತದೆ. ಪೊಟ್ಯಾಷ್ ಕಪ್ಪು ಮಣ್ಣಿನಲ್ಲಿ ಅಷ್ಟಾಗಿ ಇಳಿಯದು. ಮರಳು ಮಿಶ್ರಿತ ಕೆಂಪು ಮಣ್ಣಾದರೆ ಸ್ವಲ್ಪ ಇಳಿಯುತ್ತದೆ.

ಕಳೆದು ನೋಡಿ:

ಸಾರಜನಕ: 60 − 55 − 15 = −10
ರಂಜಕ: 28 − 20 = +8
ಪೊಟ್ಯಾಷ್: 10 − 51 = −41

ಈ ಮೂರನ್ನೂ ಒಂದೇ ರೀತಿ ನಂಬಬೇಡಿ. ಸಾರಜನಕದ ಸೋರಿಕೆ 30 ಬದಲು 10% ಆಗಿದ್ದರೆ −10 ಮಾಯವಾಗಿ ಸರಿಸಮವಾಗುತ್ತದೆ. ಆದ್ದರಿಂದ ಅದರ ಮೇಲೆ ತೀರ್ಪು ಕೊಡುವಂತಿಲ್ಲ. ಪೊಟ್ಯಾಷ್ ಕಥೆ ಬೇರೆ. ಗೊಬ್ಬರದ ಲೋಡ್ ನಿಜವಾಗಿ 4 ಟನ್ ಇತ್ತೆಂದರೂ −31. ಯಾವ ಅಂದಾಜು ತಪ್ಪಿದರೂ ಚಿಹ್ನೆ ಬದಲಾಗದಿದ್ದರೆ ಮಾತ್ರ ಭೂಮಿ ಸವೆಯುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು.

ಅತಿ ಹೆಚ್ಚು ತಪ್ಪುವುದು ಗೊಬ್ಬರದ ತೂಕದಲ್ಲಿ. ಒಂದು ಬುಟ್ಟಿ ತೂಗಿ, ಲೋಡಿಗೆ ಎಷ್ಟು ಬುಟ್ಟಿ ಎಂದು ಎಣಿಸಿ. ಬಯಲಲ್ಲಿ ಮಳೆಗೆ ನೆನೆದ ತಿಪ್ಪೆಯಲ್ಲಿ ಪೊಟ್ಯಾಷ್ ಬಸಿದು ಹೋಗಿರುತ್ತದೆ, ಆಗ 10 ಕೆಜಿಯೂ ಜಾಸ್ತಿಯೇ. ಸಪ್ಪೆಯನ್ನೂ ಒಣ ತೂಕದಲ್ಲೇ ಹಿಡಿಯಿರಿ. ಪೊಟ್ಯಾಷ್ ಗಿಡದ ರಸದಲ್ಲಿ ಕರಗಿದ ಸ್ಥಿತಿಯಲ್ಲೇ ಇರುವುದರಿಂದ, ತೆನೆ ಮುರಿದ ಮೇಲೆ ಸಪ್ಪೆ ಹೊಲದಲ್ಲಿ ಮಳೆಗೆ ನೆನೆದರೆ ಒಂದಷ್ಟು ಅಲ್ಲೇ ಮಣ್ಣಿಗೆ ಇಳಿಯುತ್ತದೆ; ನಿಮ್ಮ ಖರ್ಚು ಅಷ್ಟು ತಗ್ಗುತ್ತದೆ. ಮತ್ತೊಂದು: ಇಲ್ಲಿ ಹೇಳಿದ ರಂಜಕ, ಪೊಟ್ಯಾಷ್ ಎರಡೂ ಚೀಲದ ಮೇಲೆ ಬರೆಯುವ P2O5, K2O ಲೆಕ್ಕದವು. ಲ್ಯಾಬಿನವರು ಬರೀ K ಎಂದು ಕೊಟ್ಟಿದ್ದರೆ 1.2ರಿಂದ ಗುಣಿಸಿ, ಹೆಕ್ಟೇರಿಗೆ ಕೊಟ್ಟಿದ್ದರೆ 2.5ರಿಂದ ಭಾಗಿಸಿ. ಇದನ್ನು ಬಿಟ್ಟರೆ ಇಡೀ ಲೆಕ್ಕ ಅಡ್ಡದಾರಿ ಹಿಡಿಯುತ್ತದೆ.

ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಪೊಟ್ಯಾಷ್ 'ಹೆಚ್ಚು' ಎಂದಿದೆಯಲ್ಲ ಎಂದು ಕೇಳಬಹುದು. ಆ ಪರೀಕ್ಷೆ ಜೇಡಿ ಕಣಗಳ ಮೇಲ್ಮೈಯಲ್ಲಿ ಸುಲಭಕ್ಕೆ ಸಿಗುವ ಪಾಲನ್ನಷ್ಟೇ ಅಳೆಯುತ್ತದೆ. ಬೆಳೆ ಅದನ್ನು ಎಳೆದಂತೆ ಕಣಗಳ ಪದರದೊಳಗಿನ ದಾಸ್ತಾನು ಹೊರಬಂದು ಜಾಗ ತುಂಬುತ್ತದೆ. ಹಾಗಾಗಿ ಕಪ್ಪು ಮಣ್ಣಿನಲ್ಲಿ ಸವೆತ ನಡೆದಿದ್ದರೂ ಕಾರ್ಡಿನ ಅಂಕಿ ವರ್ಷಗಟ್ಟಲೆ ಕದಲದೇ ಇರಬಹುದು. ಕೆಂಪು ಮಣ್ಣಿನಲ್ಲಿ ಆ ದಾಸ್ತಾನು ಕಡಿಮೆ, ಬೇಗ ಕುಸಿಯುತ್ತದೆ.

ಸಪ್ಪೆಯನ್ನು ಹೊಲದಲ್ಲೇ ಕೊಚ್ಚಿ ಸೇರಿಸಿದರೆ ಪೊಟ್ಯಾಷ್ ಖರ್ಚು 51ರಿಂದ 11ಕ್ಕೆ ಇಳಿದು, ಲೋಡ್ ಗೊಬ್ಬರವೇ ಬಹುಪಾಲು ಸರಿದೂಗಿಸುತ್ತದೆ. ಮಾರಲೇಬೇಕಿದ್ದರೆ ಎಂಒಪಿ ಎಂಬ ಪೊಟ್ಯಾಷ್ ಗೊಬ್ಬರದ 50 ಕೆಜಿಯ ಒಂದು ಚೀಲದಿಂದ 30 ಕೆಜಿ ವಾಪಸ್ ಬರುತ್ತದೆ, ಇನ್ನೂ 11 ಕೊರತೆ ಉಳಿಯುತ್ತದೆ. ಸಪ್ಪೆಯ ಬೆಲೆ ಹೇಳುವಾಗ ಆ ಚೀಲದ ದುಡ್ಡನ್ನೂ ಸೇರಿಸಿ ಹೇಳಿ.