ಪ್ರೊಫೈಲ್‌ನಲ್ಲಿ ಕಂಡ ಹೆಸರು

"ವಾಟ್ಸಾಪ್‌ನಲ್ಲಿ ಸೀರೆ ಮಾರುತ್ತೇನೆ. ಹೊಸಬರು ಬರೀ ‘ಹಲೋ’ ಅಂತ ಕಳಿಸಿದಾಗ ಹೆಸರು ಹಿಡಿದು ಉತ್ತರಿಸಬಹುದಾ?"

ಮೊದಲ ಉತ್ತರದಲ್ಲಿ ಬೇಡ. ಸೇವ್ ಮಾಡದ ನಂಬರಿನ ಜೊತೆ ~ ಗುರುತು ಹಾಕಿ ತೋರಿಸುವ ಹೆಸರು ಅವರು ನಿಮಗೆ ಹೇಳಿದ್ದಲ್ಲ, ಪ್ರೊಫೈಲಿಗೆ ಎಂದೋ ಹಾಕಿಕೊಂಡದ್ದು. ಎಷ್ಟೋ ಸಲ ಅದು ಮಗುವಿನ ಹೆಸರು, ಇಲ್ಲವೇ ಗಂಡನದು. ನೀವು "ನಮಸ್ಕಾರ ಮಂಜುನಾಥ್ ಅವರೇ" ಅಂದಾಗ ಓದುತ್ತಿರುವವರು ಅವರ ಹೆಂಡತಿಯೇ ಆಗಿರಬಹುದು. "ಸರ್", "ಮೇಡಂ" ಕೂಡ ಆಗ ಬರೀ ಊಹೆ. ಟ್ರೂಕಾಲರ್‌ನಲ್ಲಿ ಹುಡುಕಿದ ಹೆಸರನ್ನಂತೂ ಬಳಸಲೇಬೇಡಿ. ‘ಇವರಿಗೆ ನನ್ನ ಹೆಸರು ಹೇಗೆ ಗೊತ್ತಾಯಿತು?’ ಎಂಬ ಅಳುಕು ಹುಟ್ಟುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ.

"ನಮಸ್ಕಾರ, ಹೇಳಿ, ಯಾವ ತರಹದ ಸೀರೆ ನೋಡ್ತಿದ್ದೀರಿ?" ಅಂದರೆ ಸಾಕು. ಅವರಾಗಿಯೇ "ನಾನು ಸವಿತಾ, ಧಾರವಾಡದಿಂದ" ಅಂದಮೇಲೆ "ಆಯ್ತು ಸವಿತಾ ಅವರೇ, ಫೋಟೋ ಕಳಿಸ್ತೀನಿ" ಅನ್ನಿ. ಆಗ ಅದೇ ಹೆಸರು ಆಪ್ತವಾಗಿ ಕೇಳುತ್ತದೆ. ಆದರೆ ಪ್ರತಿ ಮೆಸೇಜಿಗೂ ಸೇರಿಸಬೇಡಿ, ಸಾಲ ಬೇಕಾ ಎಂದು ಕೇಳುವ ಫೋನ್ ಕರೆಯಂತಾಗುತ್ತದೆ. ಪಾರ್ಸೆಲ್ ಕಳಿಸುವ ಮುನ್ನ ವಿಳಾಸ ಖಚಿತಪಡಿಸುವಾಗ ಮತ್ತೊಮ್ಮೆ ಬಳಸಿ. ಅಲ್ಲಿ ಹೆಸರಿಗೆ ನಿಜವಾದ ಕೆಲಸವಿದೆ.