ಕುರುಡು ಸಹಿ: ಸಹಿ ಹಾಕಿದವರಿಗೂ ಮತ ಯಾರದ್ದೆಂದು ಗೊತ್ತಾಗದು

> ವಿಜಯಪುರದ ನಮ್ಮ ಕಾಲೇಜು ಸಂಘದ ಚುನಾವಣೆ ಆನ್‌ಲೈನ್ ಮಾಡಬೇಕು. ಟೋಕನ್‌ಗೆ ಸಹಿ ಹಾಕುವ ಅಧಿಕಾರಿಗೆ ಯಾರ ಟೋಕನ್ ಯಾವುದು ಅಂತ ಗೊತ್ತಾಗೇ ಆಗುತ್ತಲ್ವಾ?

ಇಲ್ಲ ಸರ್, ಟೋಕನ್ ಅಂದರೆ ಮತ ಹಾಕುವ ಹಕ್ಕು ತೋರಿಸುವ ಸಂಖ್ಯೆ, ಅಧಿಕಾರಿ ಅದನ್ನು ನೋಡುವುದೇ ಇಲ್ಲ. ಗೂಢಲಿಪಿ ತಜ್ಞ ಡೇವಿಡ್ ಚೌಮ್ 1982ರಲ್ಲಿ ಹೇಳಿದ ಕುರುಡು ಸಹಿ ಎಂಬ ಉಪಾಯ ಇದು. ಸಣ್ಣ ಸಂಖ್ಯೆಯಲ್ಲಿ ಮಾಡಿ ನೋಡೋಣ.

ಅಧಿಕಾರಿಯ ಬಹಿರಂಗ ಕೀ `n=33, e=3`, ಗುಟ್ಟಿನ ಕೀ `d=7`. ವಿದ್ಯಾರ್ಥಿಯ ಟೋಕನ್ 5. ಅವಳು 2 ಅನ್ನೋ ಗುಟ್ಟಿನ ಸಂಖ್ಯೆಯಿಂದ ಅದನ್ನು ಮುಚ್ಚುತ್ತಾಳೆ. ಇಲ್ಲಿ `mod 33` ಅಂದರೆ 33ರಿಂದ ಭಾಗಿಸಿದಾಗ ಉಳಿಯುವ ಶೇಷ:

```
ಮುಚ್ಚಿದ್ದು: 5 × 2^3 mod 33 = 7
ಸಹಿ:      7^7 mod 33 = 28
ತೆರೆದದ್ದು:  28 ÷ 2 = 14
ಪರೀಕ್ಷೆ:   14^3 mod 33 = 5
```

ಅಧಿಕಾರಿ ಗುರುತಿನ ಚೀಟಿ ನೋಡಿ 7ಕ್ಕೆ ಸಹಿ ಹಾಕಿದರು, ಅಷ್ಟೇ. ಮತದ ಜೊತೆ ಬರುವುದು 5 ಮತ್ತು 14. ಟೋಕನ್ 8 ಆಗಿದ್ದು ಗುಟ್ಟಿನ ಸಂಖ್ಯೆ 14 ಆಗಿದ್ದರೂ ಅವರಿಗೆ ಕಾಣುತ್ತಿದ್ದದ್ದು ಅದೇ 7. ಹಾಗಾಗಿ ಜೋಡಿಸಲು ದಾರಿಯಿಲ್ಲ.

ನಿಜವಾದ ಚುನಾವಣೆಗೆ 2048 ಬಿಟ್‌ನ ಕೀ ಇರಲಿ, ಟೋಕನ್ ಉದ್ದನೆಯ ಯಾದೃಚ್ಛಿಕ ಸಂಖ್ಯೆಯಾಗಿರಲಿ. ಸಹಿ ಟೋಕನ್‌ನ ಹ್ಯಾಶ್ ಮೇಲೆ, ಅಂದರೆ ಟೋಕನ್‌ನಿಂದ ಲೆಕ್ಕ ಹಾಕಿ ಪಡೆದ, ಹಿಂದಕ್ಕೆ ತಿರುಗಿಸಲಾಗದ ಸಂಖ್ಯೆಯ ಮೇಲೆ ಬೀಳಬೇಕು. ಇಲ್ಲದಿದ್ದರೆ ಎರಡು ಸಹಿ ಗುಣಿಸಿ ಮೂರನೆಯದನ್ನು ಸುಮ್ನೆ ಹುಟ್ಟಿಸಬಹುದು. ಒಂದೇ ಟೋಕನ್ ಎರಡು ಸಲ ಬಂದರೆ ಎರಡನೆಯದನ್ನು ತಿರಸ್ಕರಿಸಿ.

ನನಗೆ ಜಾಸ್ತಿ ಭಯ ಇರುವುದು ಸಮಯದ್ದು. ಸಹಿ ಪಡೆದ ಮರುಕ್ಷಣವೇ ಅದೇ ಫೋನಿನಿಂದ ಮತ ಹಾಕಿದರೆ ಸರ್ವರ್ ಲಾಗ್ ನೋಡಿಯೇ ಹಿಡಿಯಬಹುದು. ಸಹಿ ಒಂದು ದಿನ, ಮತದಾನ ಇನ್ನೊಂದು ದಿನ ಇಡಿ. ಮತದಾನ ಲ್ಯಾಬಿನ ಕಂಪ್ಯೂಟರ್‌ಗಳಿಂದ ನಡೆಯಲಿ. ಗುಟ್ಟಿನ ಕೀ ಇರುವವರು ಕಳ್ಳ ಟೋಕನ್ ಮಾಡಬಹುದು, ಅದಕ್ಕೆ ಸಹಿ ಪಡೆದವರ ಪಟ್ಟಿಯನ್ನು ಮತದಾನಕ್ಕೆ ಮೊದಲೇ ನೋಟಿಸ್ ಬೋರ್ಡಿಗೆ ಹಚ್ಚಿ. ಮತಗಳು ಅದಕ್ಕಿಂತ ಹೆಚ್ಚಾದರೆ ಮೋಸ ಆಗಿದೆ ಎಂದೇ ಅರ್ಥ.