ಪಾಲಿಸಿ ಮೇಲಿನ ಸಾಲಕ್ಕೆ ಕಂತಿಲ್ಲ ಅಂತ ನಂಬಿ ಹೋಗಬೇಡಿ

ಪ್ರಶ್ನೆ: ಸಿಂಧನೂರು ಹತ್ತಿರ ಲೀಜಿಗೆ ಹೊಲ ಹಿಡಿದು ಭತ್ತ ಹಾಕುತ್ತಿದ್ದೇನೆ. ಒಂದೂವರೆ ಲಕ್ಷ ಬೇಕು. 2 ಲಕ್ಷದ ಎಫ್‌ಡಿ ಇದೆ, ಹತ್ತು ವರ್ಷದ ಹಳೆಯ ಪಾಲಿಸಿಯೂ ಇದೆ. ಪಾಲಿಸಿ ಸಾಲಕ್ಕೆ ಕಂತು ಇಲ್ಲ, ಯಾವಾಗ ಬೇಕಾದರೂ ಕಟ್ಟಬಹುದು ಅಂತಾರೆ ಏಜೆಂಟರು. ಅದನ್ನೇ ತಗೊಳ್ಳಲಾ?

ಬೇಡ. ಎಫ್‌ಡಿ ಮೇಲೆ ತಗೊಳ್ಳಿ. ನಾವು ಮಾನ್ವಿ ಕಡೆಯವರು, ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ. ನಮ್ಮಪ್ಪನಿಗೂ ಇದೇ ಮಾತು ಹೇಳಿದ್ದರು. ಅವರೂ ಲೀಜಿಗೆ ಹೊಲ ಹಿಡಿದಿದ್ದರು, ಅವರ ಪಾಲಿಸಿಗೂ ಆಗ ಹತ್ತು ವರ್ಷ ತುಂಬಿತ್ತು.

20 ವರ್ಷದ ಎಂಡೋಮೆಂಟ್ ಪಾಲಿಸಿ, 5 ಲಕ್ಷದ್ದು. ವರ್ಷಕ್ಕೆ ಸುಮಾರು 25,000 ಪ್ರೀಮಿಯಂ. ಹತ್ತು ವರ್ಷ ಒಂದು ಕಂತೂ ತಪ್ಪಿಸಿರಲಿಲ್ಲ. ಆ ದಿನ ಅದರ ಸರೆಂಡರ್ ವ್ಯಾಲ್ಯೂ, ಅಂದರೆ ಅವತ್ತೇ ಮುರಿಸಿದರೆ ಕೈಗೆ ಬರುವ ಹಣ, ಸುಮಾರು 2 ಲಕ್ಷ. ಅದರ ಶೇ 90ರಷ್ಟು, 1,80,000 ಸಾಲ ಕೊಟ್ಟರು. ಬಡ್ಡಿ ಶೇ 10, ಆರು ತಿಂಗಳಿಗೊಮ್ಮೆ. ಬಾಂಡ್ ಆಫೀಸಿನಲ್ಲಿ ಉಳಿಯಿತು, ಪಾಲಿಸಿಯನ್ನು ಕಂಪನಿ ಹೆಸರಿಗೆ ಅಸೈನ್ ಮಾಡಿ ಸಹಿ ಹಾಕಿಸಿಕೊಂಡರು. ಸಾಕ್ಷಿ ಬೇಡ, ಜಾಮೀನು ಬೇಡ. ಅಪ್ಪನಿಗೆ ಬಹಳ ಖುಷಿಯಾಗಿತ್ತು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ. ಕಂತಿಲ್ಲ ಅನ್ನುವುದು ನಿಜ, ಅಸಲು ಕಟ್ಟಿ ಅಂತ ಯಾರೂ ಕೇಳುವುದಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ. ಮೊದಲ ಆರು ತಿಂಗಳಿಗೆ 9,000 ಆಯಿತು. ಕಟ್ಟದಿದ್ದರೆ ಅದು ಅಸಲಿಗೆ ಸೇರುತ್ತದೆ, ಮುಂದಿನ ಆರು ತಿಂಗಳಿಗೆ 9,450. ಹೀಗೇ ಬೆಳೆಯುತ್ತದೆ. ಪ್ರೀಮಿಯಂ ಬೇರೆ, ಸಾಲದ ಬಡ್ಡಿ ಬೇರೆ, ಎರಡಕ್ಕೂ ರಸೀದಿ ಬೇರೆ. ಎರಡೂ ಸೇರಿದರೆ ನಮಗೆ ವರ್ಷಕ್ಕೆ 43,000 ಆಗುತ್ತಿತ್ತು. ಮೊದಲು ಬರೀ 25,000 ಇದ್ದದ್ದು. ಪ್ರೀಮಿಯಂ ಬ್ಯಾಂಕಿನಿಂದ ತಾನಾಗೇ ಕಟ್ ಆಗುವ ಹಾಗೆ ಮಾಡಿಸಿದ್ದರೂ ಸಾಲದ ಬಡ್ಡಿ ಅದರಲ್ಲಿ ಹೋಗುವುದಿಲ್ಲ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ.

ಆ ವರ್ಷ ಕೊನೆ ಭಾಗಕ್ಕೆ ಎರಡನೇ ಬೆಳೆಗೆ ನೀರು ಬರಲಿಲ್ಲ. "ಬಡ್ಡಿ ಕೊನೆಗೆ ಹೆಂಗೂ ಹಿಡ್ಕೋತಾರ, ಪ್ರೀಮಿಯಂ ಸುಗ್ಗಿ ಆದಮ್ಯಾಲ ನೋಡೋಣ, ಮೊದಲು ಗೊಬ್ಬರದ ಅಂಗಡಿ ಬಾಕಿ ತೀರಿಸೋಣ" ಅಂದರು ಅಪ್ಪ. ಲೆಕ್ಕ ನೋಡುತ್ತಿದ್ದ ನಾನೂ ಹೂಂ ಅಂದೆ. ಬಡ್ಡಿ ನಿಲ್ಲಿಸಿದ್ದಕ್ಕೆ ದುಡ್ಡು ಹೋಯಿತು. ಪ್ರೀಮಿಯಂ ನಿಲ್ಲಿಸಿದ್ದಕ್ಕೆ ಪಾಲಿಸಿಯೇ ಹೋಯಿತು.

ಯಾಕೆ ಅಂದರೆ, ಈಗಿನ ಬಾಂಡ್‌ಗಳ ಸಾಲದ ಷರತ್ತು ಓದಿ ನೋಡಿ. ಪ್ರೀಮಿಯಂ ಸರಿಯಾಗಿ ಕಟ್ಟುತ್ತಿರುವ ಪಾಲಿಸಿಯನ್ನು, ಸಾಲ ಮತ್ತು ಬಡ್ಡಿ ಸೇರಿ ಸರೆಂಡರ್ ವ್ಯಾಲ್ಯೂ ದಾಟಿತು ಅನ್ನುವ ಒಂದೇ ಕಾರಣಕ್ಕೆ ಕಂಪನಿ ಮುಚ್ಚುವ ಹಾಗಿಲ್ಲ. ಪೂರ್ತಿ ಪ್ರೀಮಿಯಂ ಕಟ್ಟಿ ಮುಗಿಸಿದ ಪಾಲಿಸಿಗೂ ಈ ರಕ್ಷಣೆ ಇದೆ. ನಡುವೆ ಪ್ರೀಮಿಯಂ ನಿಂತ ಪಾಲಿಸಿಗೆ ಇಲ್ಲ. ಅಲ್ಲಿ ಸಾಲದ ಮೊತ್ತ ಸರೆಂಡರ್ ವ್ಯಾಲ್ಯೂ ದಾಟಿದರೆ, ಕಂಪನಿ ಒಂದು ನೋಟಿಸ್ ಕೊಟ್ಟು ಕಾಲಾವಕಾಶ ಕೊಡುತ್ತದೆ. ಆಮೇಲೂ ಕಟ್ಟದಿದ್ದರೆ ಪಾಲಿಸಿ ಮುಚ್ಚಿ ಲೆಕ್ಕ ಚುಕ್ತಾ ಮಾಡಬಹುದು. ತೀರಾ ಹಳೆಯ ಬಾಂಡ್‌ಗಳ ಷರತ್ತು ಇನ್ನೂ ಬಿಗಿಯಾಗಿರಬಹುದು, ನಿಮ್ಮದನ್ನು ನೀವೇ ಓದಿಕೊಳ್ಳಿ.

ನಮ್ಮ ಲೆಕ್ಕ ಹೀಗಾಯಿತು. ಮೂರು ವರ್ಷದಲ್ಲಿ 1,80,000 ಹೋಗಿ 2,41,217 ಆಯಿತು. ಸರೆಂಡರ್ ವ್ಯಾಲ್ಯೂ ಕೂಡ ಬೆಳೆಯುತ್ತದೆ, ಆದರೆ ನಿಧಾನವಾಗಿ. ಅದು 2,40,000ದ ಹತ್ತಿರ ಇತ್ತು. ಶುರುವಿನಲ್ಲಿ ನಡುವೆ ಇದ್ದ ಅಂತರ ಬರೀ 20,000 ಅಲ್ವಾ, ಅದನ್ನು ಬಡ್ಡಿ ತಿಂದು ಹಾಕಿತು. ಪೂರ್ತಿ ಶೇ 90 ಎತ್ತಿದ್ದಕ್ಕೆ ಅಷ್ಟು ಬೇಗ ಆಯಿತು. ಅರ್ಧ ಎತ್ತಿದ್ದರೆ ಮೆಚ್ಯೂರಿಟಿವರೆಗೂ ದಾಟುತ್ತಿರಲಿಲ್ಲ.

ನೋಟಿಸ್ ಬಂದಿತ್ತು. ಇಂಗ್ಲಿಷ್‌ನಲ್ಲಿತ್ತು. ಅವ್ವ ಅದನ್ನು ಪ್ರೀಮಿಯಂ ಚೀಟಿ ಅಂದುಕೊಂಡು ಟ್ರಂಕಿನಲ್ಲಿ ಪಹಣಿಗಳ ಜೊತೆ ಇಟ್ಟಿದ್ದಳು. ನಾನು ನೋಡುವಷ್ಟರಲ್ಲಿ ಅದರಲ್ಲಿದ್ದ ತಾರೀಖು ದಾಟಿತ್ತು.

ಹೋದದ್ದು 2,40,000 ಅಂದುಕೊಂಡರೆ ತಪ್ಪು. ಪ್ರೀಮಿಯಂ ನಿಂತ ಪಾಲಿಸಿಗೂ ಪೇಯ್ಡ್ ಅಪ್ ಅಂತ ಒಂದು ಬೆಲೆ ಇರುತ್ತದೆ. 20ರಲ್ಲಿ 10 ವರ್ಷ ಕಟ್ಟಿದ್ದಕ್ಕೆ 5 ಲಕ್ಷದಲ್ಲಿ ಅರ್ಧ, 2,50,000. ಅಲ್ಲಿವರೆಗೆ ಸೇರಿದ್ದ ಬೋನಸ್ ಸುಮಾರು 2,25,000. ಒಟ್ಟು 4,75,000. ಅವಧಿ ಮುಗಿದಾಗ ಬರುವುದು ಇದು, ನಡುವೆ ಅಪ್ಪನಿಗೆ ಏನಾದರೂ ಆಗಿದ್ದರೆ ಅವ್ವನಿಗೆ ಸಾಲ ಕಳೆದು ಸಿಗುತ್ತಿದ್ದುದೂ ಇದೇ ಲೆಕ್ಕದಲ್ಲಿ. ಸಾಲವನ್ನು ಅಳೆಯುವುದು ಮಾತ್ರ ಅದರ ಅರ್ಧದಷ್ಟಿರುವ ಸರೆಂಡರ್ ವ್ಯಾಲ್ಯೂ ಜೊತೆ. ಮುಚ್ಚಿದ ದಿನ ಉಳಿದರ್ಧವೂ ಹೋಯಿತು. ಕೈಗೆ ಒಂದು ರೂಪಾಯಿ ಬರಲಿಲ್ಲ. ಅಪ್ಪನಿಗೆ ಈಗ ಶುಗರ್ ಇದೆ, ಈ ವಯಸ್ಸಿಗೆ ಹೊಸ ಪಾಲಿಸಿ ಮಾಡಿಸಬೇಕಂದರೆ ಪ್ರೀಮಿಯಂ ಕೇಳಿದರೇ ಎದೆ ಝಲ್ ಅನ್ನುತ್ತದೆ.

ನಿಮ್ಮ ಎಫ್‌ಡಿ ಲೆಕ್ಕ ನೋಡಿ. ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ ಶೇ 1 ಅಥವಾ 2 ಜಾಸ್ತಿ ಬಡ್ಡಿಗೆ, ಠೇವಣಿಯ ಶೇ 90ರವರೆಗೆ ಕೊಡುತ್ತಾರೆ. ಎಫ್‌ಡಿಗೆ ಶೇ 7 ಬರುತ್ತಿದ್ದು ಸಾಲ ಶೇ 8ಕ್ಕೆ ಸಿಕ್ಕರೆ, ಒಂದೂವರೆ ಲಕ್ಷಕ್ಕೆ ಆರು ತಿಂಗಳಿಗೆ ಬಡ್ಡಿ 6,000. ಅಷ್ಟರಲ್ಲಿ ಎಫ್‌ಡಿಯೂ ತನ್ನ ಬಡ್ಡಿ ದುಡಿಯುತ್ತಿರುತ್ತದೆ. ಓವರ್‌ಡ್ರಾಫ್ಟ್ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು, ನಾಟಿಗೆ ಎತ್ತಿದ್ದಕ್ಕೆ ಅವತ್ತಿನಿಂದ, ಗೊಬ್ಬರಕ್ಕೆ ಎತ್ತಿದ್ದಕ್ಕೆ ಅವತ್ತಿನಿಂದ ಬಡ್ಡಿ. ಒಂದೇ ಎಚ್ಚರ, ನಿಮ್ಮ ಭತ್ತದ ದುಡ್ಡು ಬರುವ ಮೊದಲೇ ಎಫ್‌ಡಿ ಅವಧಿ ಮುಗಿಯಬಾರದು. ಮುಗಿದರೆ ಬ್ಯಾಂಕು ಸಾಲ ಹಿಡಿದುಕೊಂಡು ಮಿಕ್ಕಿದ್ದು ಕೊಡುತ್ತದೆ. ಬೆಳೆ ಕೈಕೊಟ್ಟರೂ ಹೋಗುವುದು ಆ ಎಫ್‌ಡಿ ಮಾತ್ರ. ಮನೆಯವರ ವಿಮೆ ಉಳಿಯುತ್ತದೆ.

ಇನ್ನೊಂದು. ನಿಮ್ಮ ಹೆಸರಲ್ಲಿ ಒಂದೆರಡು ಎಕರೆ ಪಹಣಿ ಇದ್ದರೆ ಇವೆರಡಕ್ಕೂ ಮೊದಲು ಬೆಳೆ ಸಾಲ ಕೇಳಿ. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಬಡ್ಡಿ ಶೇ 7, ಹೇಳಿದ ದಿನಕ್ಕೆ ಕಟ್ಟಿದರೆ ಶೇ 4 ಬೀಳುತ್ತದೆ. ಲೀಜ್ ಹೊಲಕ್ಕೆ ಅದು ಸಿಗುವುದು ಕಷ್ಟ, ಅದಕ್ಕೇ ನಮ್ಮ ಕಡೆ ಜನ ಪಾಲಿಸಿಗೆ ಕೈ ಹಾಕುವುದು.

ಇಷ್ಟಾದಮೇಲೂ ಪಾಲಿಸಿ ಮೇಲೇ ತಗೊಳ್ಳುತ್ತೀರಿ ಅಂದರೆ, ಸರೆಂಡರ್ ವ್ಯಾಲ್ಯೂದ ಅರ್ಧಕ್ಕಿಂತ ಜಾಸ್ತಿ ಎತ್ತಬೇಡಿ. ಕೈಯಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಮೊದಲು ಪ್ರೀಮಿಯಂ, ಆಮೇಲೆ ಬಡ್ಡಿ. ಭತ್ತ ಮಾರಿದ ಕೂಡಲೇ ಅಸಲಿಗೂ ಸ್ವಲ್ಪ ಸ್ವಲ್ಪ ಕಟ್ಟಿ, ತಗೊಳ್ಳುತ್ತಾರೆ. ವರ್ಷಕ್ಕೆರಡು ಸಲ ಬ್ರಾಂಚಿಗೆ ಹೋಗಿ ಇವತ್ತಿನ ಸಾಲದ ಬಾಕಿ ಎಷ್ಟು, ಇವತ್ತಿನ ಸರೆಂಡರ್ ವ್ಯಾಲ್ಯೂ ಎಷ್ಟು, ಪಾಲಿಸಿ ಚಾಲ್ತಿಯಲ್ಲಿದೆಯಾ ಅಂತ ಕೇಳಿ ಬರೆಸಿಕೊಂಡು ಬನ್ನಿ. ಅಲ್ಲಿರುವ ನಿಮ್ಮ ವಿಳಾಸ, ಮೊಬೈಲ್ ನಂಬರ್ ಈಗಿನದೇ ಇದೆಯಾ ಅಂತಲೂ ನೋಡಿ.